ಈ ಮಾತು ಯಾರದ್ದು? ಸ್ಕ್ಯಾನ್ ಆದ ಮೇಲ್ಮನವಿ ತೀರ್ಪೊಂದನ್ನು ಎರಡು ಪುಟಕ್ಕೆ ಇಳಿಸಿದ ಬಗೆ

ದಾವಣಗೆರೆಯಲ್ಲಿ ಎಲ್‌ಎಲ್‌ಬಿ ಎರಡನೇ ವರ್ಷ ಓದುತ್ತಿರುವ ವಿದ್ಯಾರ್ಥಿನಿಯ ಮುಂದೆ 23 ಪುಟದ ಒಂದು ಪಿಡಿಎಫ್ ಇದೆ. ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟವೊಂದರ ಒತ್ತುವರಿ ಜಗಳದ ಮೇಲ್ಮನವಿ ತೀರ್ಪು ಅದು, ಇಂಗ್ಲಿಷಿನಲ್ಲಿದೆ. ದೃಢೀಕೃತ ನಕಲನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ್ದು. ಸಂಗತಿ, ವಿವಾದಾಂಶ, ವಾದ, ಅಂತಿಮ ಆದೇಶ ಎಂಬ ನಾಲ್ಕು ತಲೆಬರಹಗಳಡಿ ಅದನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಬೇಕು.

ಪಕ್ಷಕಾರರು, ಸರ್ವೆ ನಂಬರು, ವಿಸ್ತೀರ್ಣ ಎಲ್ಲವೂ ಇಲ್ಲಿ ಅಭ್ಯಾಸಕ್ಕೆಂದು ಹೊಂದಿಸಿದವು, ಯಾವ ನಿಜ ದಾವೆಯದ್ದೂ ಅಲ್ಲ. ಆದರೆ ತೀರ್ಪಿನ ರಚನೆ ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಬರುವಂಥದ್ದೇ, ವಿದ್ಯಾರ್ಥಿನಿಯ ಮೊದಲ ಕರಡಿನಲ್ಲಿರುವ ತಪ್ಪುಗಳೂ ಮತ್ತೆ ಮತ್ತೆ ಕಾಣುವಂಥವೇ. ಆ ಕರಡಿನ ಕೊನೆಯ ಸಾಲು ಹೀಗಿತ್ತು: "12 ಗುಂಟೆ ಜಮೀನು ಪ್ರತಿವಾದಿಗೆ ಸೇರಿದ್ದೆಂದು ನ್ಯಾಯಾಲಯ ತೀರ್ಮಾನಿಸಿ, ವಾದಿಯ ದಾವೆಯನ್ನು ವಜಾ ಮಾಡಿತು." ದಾವೆ ವಜಾ ಆದದ್ದು ನಿಜ. ಉಳಿದರ್ಧವನ್ನು ಆ ತೀರ್ಪು ಎಲ್ಲಿಯೂ ಹೇಳಿಲ್ಲ. ಇಲ್ಲದ ಆ ಮಾತು ಕರಡಿಗೆ ಬಂದದ್ದು ಹೇಗೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದರೆ ಈ ಕೆಲಸದ ಕಷ್ಟಗಳೆಲ್ಲ ಒಂದೊಂದಾಗಿ ಸಿಗುತ್ತವೆ.

ಓದುವ ಮುನ್ನ ಪುಟಗಳ ತಪಾಸಣೆ

ಸ್ಕ್ಯಾನ್ ಆದ ತೀರ್ಪಿನ ಮೊದಲ ತೊಂದರೆ ಕಾನೂನಿನದ್ದಲ್ಲ, ಹಾಳೆಯದ್ದು. ಈ ತೀರ್ಪು 2016ರದ್ದು, ಲೀಗಲ್ ಅಳತೆಯ ಹಾಳೆಯಲ್ಲಿ ಟೈಪಾಗಿದೆ. ಲೀಗಲ್ ಹಾಳೆಯ ಉದ್ದ ಸುಮಾರು 356 ಮಿಲಿಮೀಟರ್, ಎ4 ಹಾಳೆಯದ್ದು 297. ಜೆರಾಕ್ಸ್ ಅಂಗಡಿಯಲ್ಲಿ ಅಳತೆ ಕುಗ್ಗಿಸದೆ ಹಾಗೇ ಎ4ಗೆ ತೆಗೆದರೆ ಕೆಳಗಿನ 59 ಮಿಲಿಮೀಟರ್ ಹೋಗುತ್ತದೆ. ಅದರಲ್ಲಿ ಖಾಲಿ ಅಂಚನ್ನು ಬಿಟ್ಟರೂ ಎರಡು ಮೂರು ಸಾಲು ಮಾಯವಾಗುತ್ತದೆ. ಪುಟ ತುಂಬಿದಂತೆಯೇ ಕಾಣುವುದರಿಂದ ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ.

ನಮ್ಮ ತೀರ್ಪಿನ 17ನೇ ಪುಟಕ್ಕೆ ಆದದ್ದು ಇದೇ. ಪುಟದ ಕೊನೆಯಲ್ಲಿ ಪಹಣಿಗಳ ವಿಷಯ ನಡೆದಿದೆ: ನಿಶಾನೆ ಪಿ.2ರಿಂದ ಪಿ.6ರವರೆಗಿನ ಪಹಣಿಗಳಲ್ಲಿ ವಾದಿಯ ಹೆಸರು ಇದೆ ಎನ್ನುವಲ್ಲಿಗೆ ಸಾಲು ಮುಗಿಯುತ್ತದೆ. 18ನೇ ಪುಟ "ಆ 12 ಗುಂಟೆಯ ಸ್ವಾಧೀನದಲ್ಲಿಯೂ ಇದ್ದಾರೆ" ಎಂಬ ಅರ್ಥದ ಅರ್ಧ ವಾಕ್ಯದಿಂದ ಶುರುವಾಗುತ್ತದೆ. ಎರಡನ್ನೂ ಜೋಡಿಸಿ ಓದಿದರೆ ವಾದಿಯ ಸ್ವಾಧೀನವನ್ನು ನ್ಯಾಯಾಲಯ ಒಪ್ಪಿದಂತೆ ತೋರುತ್ತದೆ. ಮೂಲ ನಕಲಿನಲ್ಲಿ ನಡುವೆ ಮೂರು ಸಾಲು ಇದ್ದವು: ಪಹಣಿಯಲ್ಲಿ ವಿಸ್ತೀರ್ಣ ಇದೆಯೇ ಹೊರತು ಈ 12 ಗುಂಟೆ ಯಾವ ಬದಿಯಲ್ಲಿದೆ ಎಂಬುದಿಲ್ಲ, ಆದ್ದರಿಂದ ವಾದಿ ಅದರ ಸ್ವಾಧೀನದಲ್ಲಿಯೂ ಇದ್ದಾರೆಂದು ಹೇಳಲಾಗದು.

ಇಲ್ಲಿ ಭಾಷೆಯ ಒಂದು ಗುಟ್ಟಿದೆ. ಇಂಗ್ಲಿಷ್ ವಾಕ್ಯದಲ್ಲಿ "ಹೇಳಲಾಗದು" ಎಂಬ ನಿಷೇಧ ಮೊದಲೇ ಬಂದುಬಿಡುತ್ತದೆ, ಸಂಗತಿ ಆಮೇಲೆ. ಕನ್ನಡದಲ್ಲಿ ಸಂಗತಿ ಮೊದಲು, ನಿಷೇಧ ಕೊನೆಗೆ. ಹಾಗಾಗಿ ಇಂಗ್ಲಿಷ್ ತೀರ್ಪಿನಲ್ಲಿ ಪುಟದ ತಳ ಕತ್ತರಿಸಿಹೋದರೆ "ಇಲ್ಲ" ಎಂಬ ಮಾತು ಕಳೆದುಹೋಗುವ ಭಯ ಹೆಚ್ಚು. ಕನ್ನಡದ ತೀರ್ಪಿನಲ್ಲಿ ಮುಂದಿನ ಪುಟದ ತಲೆಯ ಸಾಲು ಮಸುಕಾದರೆ ಅದೇ ಅಪಾಯ. ಪುಟ ಬದಲಾಗುವ ಕಡೆ ನಿಂತು, ವಾಕ್ಯ ವ್ಯಾಕರಣದಲ್ಲಿ ಕೂಡುತ್ತದೆಯೇ ಎಂದು ಬಾಯಿಬಿಟ್ಟು ಓದಿ ನೋಡಬೇಕು. 23 ಪುಟಕ್ಕೆ ಇಂಥ 22 ಜೋಡಣೆಗಳಿವೆ, ಹತ್ತು ನಿಮಿಷದ ಕೆಲಸ. ಕೂಡದ ಕಡೆ ಊಹೆಯಿಂದ ತುಂಬಬಾರದು. ನಕಲು ಪ್ರತಿಯನ್ನೇ ನೋಡಬೇಕು, ಅಥವಾ ತೀರ್ಪಿನ ಮೇಲೆ ಪ್ರಕರಣದ ಗುರುತಿನ ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಆ 16 ಅಕ್ಷರ-ಅಂಕಿಗಳನ್ನು ಹಾಕಿ, ತೀರ್ಪು ಅಲ್ಲಿ ಏರಿದೆಯೇ ಎಂದು ಪರಿಶೀಲಿಸಬೇಕು.

ಇನ್ನು ಅಕ್ಷರ ಗುರುತಿಸುವ ಕೆಲಸ, ಅಂದರೆ ಓಸಿಆರ್. ಸ್ಕ್ಯಾನ್ 300 ಡಿಪಿಐ ಇದ್ದರೆ ಸಾಕು. ಇಂಗ್ಲಿಷ್ ತೀರ್ಪಿನ ನಡುವೆ ಸಾಕ್ಷಿಯ ಕನ್ನಡ ಮಾತುಗಳನ್ನು ಹಾಗೇ ಉದ್ಧರಿಸಿರುವುದುಂಟು, ಹಾಗಾಗಿ ಎರಡೂ ಭಾಷೆ ಕೊಡಬೇಕು. ocrmypdf ಎಂಬ ತಂತ್ರಾಂಶವೂ, ಅದು ಅಕ್ಷರ ಗುರುತಿಸಲು ಬಳಸುವ ಟೆಸೆರಾಕ್ಟ್‌ನ ಕನ್ನಡ ಕಡತವೂ ಕಂಪ್ಯೂಟರಿನಲ್ಲಿದ್ದರೆ ಈ ಒಂದು ಸಾಲು ಸಾಕು:

```
ocrmypdf -l eng+kan --deskew --rotate-pages teerpu.pdf teerpu-ocr.pdf
```

ಇದರಿಂದ ಪಿಡಿಎಫ್‌ನಲ್ಲಿ ಪದ ಹುಡುಕಲು ಬರುತ್ತದೆ. ಆದರೆ ಅಂಕಿಗಳನ್ನು ಓಸಿಆರ್‌ನಿಂದ ನಕಲು ಮಾಡಿಕೊಳ್ಳಬಾರದು, ಚಿತ್ರವನ್ನು ಕಣ್ಣಾರೆ ನೋಡಿಯೇ ಬರೆಯಬೇಕು. ನಮ್ಮ ಪಿಡಿಎಫ್‌ನಲ್ಲಿ ಸರ್ವೆ ನಂಬರ್ 47/1 ಎಂಬುದು `4711` ಎಂದು ಬಂದಿತ್ತು, ಓರೆಗೆರೆ ಒಂದಂಕಿಯಾಗಿತ್ತು. ನಕಲು ವಿಭಾಗದ ಮೊಹರು ಬಿದ್ದ ಜಾಗದಲ್ಲಿ `0-12` ಎಂಬುದು `0-42` ಆಗಿತ್ತು. ಎರಡನೆಯದನ್ನು ಹಿಡಿಯಲು ಮೂಲ ಪ್ರತಿಯೇ ಬೇಕಿಲ್ಲ: 40 ಗುಂಟೆಗೆ ಒಂದು ಎಕರೆ, ಗುಂಟೆಯ ಕಾಲಂನಲ್ಲಿ 39ಕ್ಕಿಂತ ಹೆಚ್ಚು ಬರಲೇಬಾರದು. ವಿಸ್ತೀರ್ಣಗಳನ್ನು ಕೂಡಿ ನೋಡುವುದೂ ಒಳ್ಳೆಯ ಪರೀಕ್ಷೆ. 47/1ರಲ್ಲಿ 2 ಎಕರೆ 20 ಗುಂಟೆ, 47/2ರಲ್ಲಿ 2 ಎಕರೆ 10 ಗುಂಟೆ, ಒಟ್ಟು ಸರ್ವೆ ನಂಬರ್ 47ರಲ್ಲಿ 4 ಎಕರೆ 30 ಗುಂಟೆ. ಕೂಡಿದರೆ ಸರಿಹೋಗುತ್ತದೆ, ಆದ್ದರಿಂದ ಈ ಮೂರು ಅಂಕಿಗಳನ್ನು ನಂಬಬಹುದು. ನಿಶಾನೆ ಸಂಖ್ಯೆಗಳ ಬಗ್ಗೆ ಅನುಮಾನ ಬಂದರೆ ತೀರ್ಪಿನ ಕೊನೆಯಲ್ಲಿ ಸಾಕ್ಷಿಗಳ ಮತ್ತು ದಾಖಲೆಗಳ ಪಟ್ಟಿ ಇದೆಯೇ ನೋಡಬೇಕು. ವಿಚಾರಣಾ ನ್ಯಾಯಾಲಯದ ತೀರ್ಪಿನಲ್ಲಿ ಅದು ಇರುತ್ತದೆ, ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ಇಲ್ಲದಿದ್ದರೆ ಸಾಮಾನ್ಯವಾಗಿ ಇರುವುದಿಲ್ಲ.

ನ್ಯಾಯಾಧೀಶರು ಪೆನ್ನಿನಲ್ಲಿ ಮಾಡಿದ ತಿದ್ದುಪಡಿಗಳನ್ನೂ ಓಸಿಆರ್ ಬಿಟ್ಟುಬಿಡುತ್ತದೆ. 11ನೇ ಪುಟದಲ್ಲಿ "ಪ್ರತಿವಾದಿ" ಎಂಬ ಟೈಪಾದ ಪದವನ್ನು ಹೊಡೆದು, ಮೇಲೆ "ವಾದಿ" ಎಂದು ಬರೆದು ಚಿಕ್ಕ ಸಹಿ ಹಾಕಲಾಗಿದೆ. ಓಸಿಆರ್ ಪಠ್ಯವನ್ನಷ್ಟೇ ಓದಿದವರಿಗೆ ಆ ವಾಕ್ಯ ಪೂರ್ತಿ ತಿರುಗುಮುರುಗಾಗಿಯೇ ಸಿಗುತ್ತದೆ.

ಅಂಚಿನಲ್ಲಿ ಒಡೆಯನ ಗುರುತು

ಪುಟಗಳು ಸರಿಯಾದ ಮೇಲೆ ನಿಜವಾದ ಕೆಲಸ. ತೀರ್ಪನ್ನು ಒಬ್ಬರೇ ಬರೆದಿದ್ದರೂ ಅದರೊಳಗೆ ಮಾತಾಡುವವರು ಹಲವರು. ವಾದಪತ್ರದಲ್ಲಿ ವಾದಿ ಹೇಳಿದ್ದು, ಲಿಖಿತ ಹೇಳಿಕೆಯಲ್ಲಿ ಪ್ರತಿವಾದಿ ಹೇಳಿದ್ದು, ಕಟಕಟೆಯಲ್ಲಿ ಸಾಕ್ಷಿ ನುಡಿದದ್ದು, ವಕೀಲರು ವಾದಿಸಿದ್ದು, ಕೆಳಗಿನ ನ್ಯಾಯಾಲಯ ತೀರ್ಮಾನಿಸಿದ್ದು, ಉಲ್ಲೇಖಿಸಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಇವೆಲ್ಲ ಬಂದು ಹೋದ ಮೇಲೆ ಈ ನ್ಯಾಯಾಲಯದ ಸ್ವಂತ ಮಾತು. 23 ಪುಟಗಳಲ್ಲಿ ಈ ಕೊನೆಯದಕ್ಕೆ ಸಿಕ್ಕಿದ್ದು ಸುಮಾರು ಆರು ಪುಟ ಮಾತ್ರ. ಮಿಕ್ಕದ್ದೆಲ್ಲ ಬೇರೆಯವರ ಮಾತಿನ ವರದಿ.

ಹಾಗಾಗಿ ಮೊದಲ ಓದಿನಲ್ಲಿ ಸಾರಾಂಶ ಬರೆಯುವುದೇ ಬೇಡ. ಪ್ರಿಂಟ್ ತೆಗೆದು, ಪ್ರತಿ ಪ್ಯಾರಾದ ಪಕ್ಕ ಅದು ಯಾರ ಮಾತೆಂದು ಪೆನ್ಸಿಲ್‌ನಲ್ಲಿ ಒಂದಕ್ಷರ ಬರೆದರೆ ಸಾಕು: ವಾದಿಗೆ "ವಾ", ಪ್ರತಿವಾದಿಗೆ "ಪ್ರ", ಸಾಕ್ಷಿಗೆ "ಸಾ", ವಕೀಲರಿಗೆ "ವ", ಕೆಳ ನ್ಯಾಯಾಲಯಕ್ಕೆ "ಕೆ", ಉಲ್ಲೇಖಿತ ತೀರ್ಪಿಗೆ "ಉ", ಈ ನ್ಯಾಯಾಲಯಕ್ಕೆ "ಈ". ಒಂದೇ ಪ್ಯಾರಾದಲ್ಲಿ ಮಾತಾಡುವವರು ಬದಲಾದರೆ ಅಲ್ಲೊಂದು ಅಡ್ಡಗೆರೆ.

ಗುರುತು ತಪ್ಪುವ ಜಾಗಗಳು ಮೂರು.

"ವಾದಿಯ ಪ್ರಕರಣವೇನೆಂದರೆ" ಎಂಬ ಮಾತು 4ನೇ ಪ್ಯಾರಾದ ಆರಂಭದಲ್ಲಿ ಒಮ್ಮೆ ಬಂದು, ಆಮೇಲಿನ ಒಂದೂವರೆ ಪುಟ ಆ ಮಾತೇ ಇಲ್ಲದೆ ಸಾಗುತ್ತದೆ. ನಡುವೆ "ಪ್ರತಿವಾದಿ ಬೇಲಿ ಕಿತ್ತು 12 ಅಡಿಕೆ ಸಸಿ ಹಾಳು ಮಾಡಿದ" ಎಂಬ ವಾಕ್ಯವಿದೆ. ಒಂಟಿಯಾಗಿ ನೋಡಿದರೆ ಅದು ನಡೆದ ಘಟನೆ, ಪ್ಯಾರಾದ ತಲೆ ನೋಡಿದರೆ ಬರೀ ಆರೋಪ. ವಿದ್ಯಾರ್ಥಿನಿಯ ಕರಡಿನಲ್ಲಿ ಇದು ಸಂಗತಿಗಳ ಕೆಳಗೆ ನಡೆದುಹೋದದ್ದೆಂಬಂತೆ ಬಂದಿತ್ತು. ತಿದ್ದಿಕೊಟ್ಟ ಹಿರಿಯ ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಪ್ರಶ್ನೆ.

"ಇದು ಯಾರ ಮಾತಮ್ಮ?"

"ತೀರ್ಪಿನಲ್ಲೇ ಇದೆ ಸರ್, ಐದನೇ ಪುಟ."

"ತೀರ್ಪಿನಲ್ಲಿದೆ, ಸರಿ. ಯಾರು ಹೇಳಿದ್ದು ಅಂತ ತೀರ್ಪಿನಲ್ಲಿದೆ?"

ಎರಡನೆಯದು "ಈ ನ್ಯಾಯಾಲಯ" ಎಂಬ ಪದ. 20ನೇ ಪುಟದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಉದ್ದ ಉದ್ಧರಣೆಯಿದೆ. ಅದರೊಳಗೆ "ಈ ನ್ಯಾಯಾಲಯ" ಎಂದರೆ ಸುಪ್ರೀಂ ಕೋರ್ಟ್. ಮೂಲದಲ್ಲಿ ಉದ್ಧರಣೆಯನ್ನು ಒಳಗೆ ಸರಿಸಿ ಟೈಪ್ ಮಾಡಿರುತ್ತಾರೆ, ಓಸಿಆರ್ ಆ ಅಂಚನ್ನು ಅಳಿಸಿ ಎಲ್ಲವನ್ನೂ ಒಂದೇ ಸಾಲಿಗೆ ತರುತ್ತದೆ. ಆದ್ದರಿಂದ ಗುರುತು ಹಾಕುವಾಗ ಓಸಿಆರ್ ಪಠ್ಯ ಬೇಡ, ಚಿತ್ರವೇ ಬೇಕು.

ಮೂರನೆಯದು ಪಕ್ಷಕಾರರ ಹೆಸರು. ಇದು ಪ್ರತಿವಾದಿ ಹಾಕಿದ ಮೇಲ್ಮನವಿ. ಶೀರ್ಷಿಕೆಯಲ್ಲಿ ಮೇಲ್ಮನವಿದಾರ ಎಂದರೆ ಮೂಲ ಪ್ರತಿವಾದಿ, ಎದುರುದಾರ ಎಂದರೆ ಮೂಲ ವಾದಿ. ಮೂರನೇ ಪುಟದಲ್ಲಿ "ಅನುಕೂಲಕ್ಕಾಗಿ ಪಕ್ಷಕಾರರನ್ನು ವಿಚಾರಣಾ ನ್ಯಾಯಾಲಯದಲ್ಲಿದ್ದ ಸ್ಥಾನದಿಂದಲೇ ಕರೆಯಲಾಗಿದೆ" ಎಂಬ ಸಾಲಿದೆ. ಈ ಸಾಲು ತಪ್ಪಿಸಿಕೊಂಡರೆ ಇಡೀ ಸಾರಾಂಶದಲ್ಲಿ ಎದುರಾಳಿಗಳು ಅದಲುಬದಲಾಗುತ್ತಾರೆ. ಸಾರಾಂಶದಲ್ಲಿ ಮೊದಲ ಸಲ "ವಾದಿ (ಇಲ್ಲಿ ಎದುರುದಾರ)" ಎಂದು ಬರೆದು, ಆಮೇಲೆ ಕೊನೆಯವರೆಗೂ ವಾದಿ, ಪ್ರತಿವಾದಿ ಎಂದೇ ಬರೆಯುವುದು ಕ್ಷೇಮ.

ಸಂಗತಿ: ಒಪ್ಪಿದ್ದು ಮೊದಲು, ಹೇಳಿಕೊಂಡದ್ದು ನಂತರ

ಗುರುತು ಹಾಕಿದ ಮೇಲೆ ಸಂಗತಿಗಳನ್ನು ಆರಿಸುವುದು ಸುಲಭ. ಇಬ್ಬರೂ ಒಪ್ಪಿದ್ದು ಮೊದಲು ಬರಬೇಕು: ವಾದಿ 1994ರ ಕ್ರಯಪತ್ರದ ಮೂಲಕ 47/1ರಲ್ಲಿ 2 ಎಕರೆ 20 ಗುಂಟೆ ಕೊಂಡದ್ದು, ಪ್ರತಿವಾದಿ 47/2ರ ಮಾಲೀಕ ಎನ್ನುವುದು, ಎರಡೂ ಅಕ್ಕಪಕ್ಕದ ತೋಟ ಎನ್ನುವುದು. ಇವುಗಳಿಗೆ "ವಾದಿಯ ಪ್ರಕಾರ" ಎಂಬ ಒಗ್ಗರಣೆ ಬೇಡ. ನಂತರ ಜಗಳದ ಸಂಗತಿ, ಅದಕ್ಕೆ ಪ್ರತಿ ವಾಕ್ಯದಲ್ಲೂ ಒಡೆಯನ ಹೆಸರು ಬೇಕು. ಕೊನೆಗೆ ದಾವೆ ನಡೆದು ಬಂದ ದಾರಿ: 2009ರಲ್ಲಿ ದಾವೆ, 2013ರಲ್ಲಿ ಡಿಕ್ರಿ, ಆಮೇಲೆ ಮೇಲ್ಮನವಿ.

ಇಲ್ಲೊಂದು ಸ್ಥಳೀಯ ತೊಡಕು. ಕ್ರಯಪತ್ರದಲ್ಲಿ ಜಮೀನು ಶಿವಮೊಗ್ಗ ಜಿಲ್ಲೆ ಚನ್ನಗಿರಿ ತಾಲ್ಲೂಕು ಎಂದಿದೆ, ದಾವೆಯ ಷೆಡ್ಯೂಲಿನಲ್ಲಿ ದಾವಣಗೆರೆ ಜಿಲ್ಲೆ ಎಂದಿದೆ. ಕರಡಿನಲ್ಲಿ ಇವು ಎರಡು ಬೇರೆ ಬೇರೆ ಜಮೀನುಗಳಾಗಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಅದಕ್ಕೂ ಮೊದಲು ಶಿವಮೊಗ್ಗದಲ್ಲಿದ್ದವು, ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಲ್ಲಿದ್ದವು. ನಮ್ಮ ಕಡೆಯ ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಬೇರೆ ಕಂಡರೆ ಗಾಬರಿ ಬೇಡ, ಗ್ರಾಮ, ಸರ್ವೆ ನಂಬರು, ಚಕ್ಕುಬಂದಿ ಹೊಂದುತ್ತವೆಯೇ ನೋಡಬೇಕು.

"ಹೌದು" ಎಂದರೆ ಯಾರ ಪರ?

ಮೇಲ್ಮನವಿ ತೀರ್ಪಿನಲ್ಲಿ ವಿವಾದಾಂಶಗಳ ಎರಡು ಪಟ್ಟಿಗಳಿರುತ್ತವೆ. ಒಂದು ವಿಚಾರಣಾ ನ್ಯಾಯಾಲಯ ರಚಿಸಿದ್ದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 14ರಡಿ. ಇನ್ನೊಂದು ಈ ನ್ಯಾಯಾಲಯ ನಿರ್ಣಯಕ್ಕೆ ಎತ್ತಿಕೊಂಡ ಅಂಶಗಳು. ಮೇಲ್ಮನವಿ ತೀರ್ಪಿನಲ್ಲಿ ನಿರ್ಣಯದ ಅಂಶಗಳು, ಅವುಗಳ ಮೇಲಿನ ತೀರ್ಮಾನ, ಕಾರಣಗಳು, ಡಿಕ್ರಿ ಬದಲಾದರೆ ಸಿಗುವ ಪರಿಹಾರ ಇರಲೇಬೇಕೆಂದು ಆದೇಶ 41, ನಿಯಮ 31 ಹೇಳುತ್ತದೆ. ಹಾಗಾಗಿ ಹುಡುಕಿದರೆ ಇವು ಸಿಕ್ಕೇ ಸಿಗುತ್ತವೆ. ಸಾರಾಂಶದ ಮುಖ್ಯ ವಿವಾದಾಂಶಗಳು ಈ ಎರಡನೇ ಪಟ್ಟಿಯವು. ಮೊದಲ ಪಟ್ಟಿ ಸಂಗತಿಗಳ ಕೊನೆಗೆ ಒಂದು ವಾಕ್ಯದಲ್ಲಿ ಬಂದರೆ ಸಾಕು.

ಎರಡನ್ನೂ ಬೆರೆಸಿದರೆ ಏನಾಗುತ್ತದೆ ನೋಡಿ. ವಿಚಾರಣಾ ನ್ಯಾಯಾಲಯದ ಒಂದನೇ ವಿವಾದಾಂಶ: ದಾವೆಯ ದಿನ ತಾನು ಸ್ವಾಧೀನದಲ್ಲಿದ್ದುದನ್ನು ವಾದಿ ಸಾಬೀತುಪಡಿಸಿದ್ದಾರೆಯೇ? ಉತ್ತರ: ಹೌದು. ಮೇಲ್ಮನವಿಯ ಒಂದನೇ ಅಂಶ: 12 ಗುಂಟೆಯ ಸ್ವಾಧೀನದ ಬಗ್ಗೆ ವಿಚಾರಣಾ ನ್ಯಾಯಾಲಯದ ತೀರ್ಮಾನ ತಪ್ಪೇ? ಉತ್ತರ: ಹೌದು. ಎರಡೂ ಕಡೆ ಉತ್ತರ ಹೌದೇ, ಒಂದು ವಾದಿಯ ಪರ, ಇನ್ನೊಂದು ವಾದಿಯ ವಿರುದ್ಧ. ಕರಡಿನಲ್ಲಿ ಬರೀ "ಅಂಶ 1: ಸಕಾರಾತ್ಮಕ" ಎಂದಿತ್ತು. ಪ್ರಶ್ನೆಯನ್ನು ಪೂರ್ತಿ ಬರೆದು, ಉತ್ತರದ ಪಕ್ಕ ಯಾರ ಪರ ಎಂದೂ ಬರೆಯದ ಹೊರತು ಈ ಭಾಗಕ್ಕೆ ಅರ್ಥವೇ ಬರುವುದಿಲ್ಲ.

ನಾಲ್ಕು ತಲೆಬರಹಗಳ ಈ ಮಾದರಿಯಲ್ಲಿ ಒಂದು ಕೊರತೆಯಿದೆ: ನ್ಯಾಯಾಲಯ ಕೊಟ್ಟ ಕಾರಣಗಳಿಗೆ ಅದರಲ್ಲಿ ಜಾಗವೇ ಇಲ್ಲ. ಬಹಳ ಮಂದಿ ಅವನ್ನು ವಾದದ ಕೆಳಗೆ ತುರುಕುತ್ತಾರೆ, ಆಗ ವಕೀಲರ ಮಾತೂ ನ್ಯಾಯಾಧೀಶರ ಮಾತೂ ಕಲಸಿಹೋಗುತ್ತವೆ. ಪ್ರತಿ ಅಂಶದ ಉತ್ತರದ ಕೆಳಗೇ ಎರಡು ಮೂರು ವಾಕ್ಯದಲ್ಲಿ ಕಾರಣ ಬರೆಯುವುದು ಸರಿಯಾದ ಜಾಗ. ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ, ವೈವಾದಲ್ಲಿ ಬೇಕಾಗುವುದೂ ಅದೇ ಜೋಡಿ.

ಈ ತೀರ್ಪಿನ ಕಾರಣ ಅರ್ಥವಾಗಲು ಮೂರು ಎಳೆ ಹಿಡಿದರೆ ಸಾಕು. ಒಂದು, ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 133ನೇ ಕಲಮಿನಡಿ ಪಹಣಿಯ ನಮೂದನ್ನು ಬೇರೆ ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು. ಆದರೆ ಇಲ್ಲಿ ನಮೂದಿನ ಬಗ್ಗೆ ಜಗಳವೇ ಇಲ್ಲ. 47/1ರಲ್ಲಿ 2 ಎಕರೆ 20 ಗುಂಟೆ ವಾದಿಯದ್ದೆಂದು ಪ್ರತಿವಾದಿಯೂ ಒಪ್ಪುತ್ತಾನೆ. ಪ್ರಶ್ನೆಯಿರುವುದು ಆ 12 ಗುಂಟೆ 47/1ರೊಳಗಿದೆಯೋ 47/2ರೊಳಗಿದೆಯೋ ಎಂಬುದು, ಅದನ್ನು ಪಹಣಿ ಹೇಳುವುದಿಲ್ಲ. ಎರಡು, ಪಾಟೀಸವಾಲಿನಲ್ಲಿ ವಾದಿಯೇ ಒಂದು ಮಾತು ಒಪ್ಪಿದ್ದಾರೆ: ಹದ್ದುಬಸ್ತು ಸರ್ವೆಯ ದಿನ ತಾನು ಹಾಜರಿದ್ದೆ, ಸರ್ವೆಯರ್ ಕಲ್ಲು ನೆಡಿಸಿದರು, ಈ 12 ಗುಂಟೆ ಕಲ್ಲಿನಿಂದ ಆಚೆ ಬದಿಗೆ ಬರುತ್ತದೆ. ಸರ್ವೆಯ ನಕ್ಷೆ ನಿಶಾನೆ ಡಿ.3. ಈ ಒಪ್ಪಿಗೆಯನ್ನು ವಿಚಾರಣಾ ನ್ಯಾಯಾಲಯ ಗಮನಿಸಲಿಲ್ಲ ಎನ್ನುವುದು ಮೇಲ್ಮನವಿ ನ್ಯಾಯಾಲಯದ ಮುಖ್ಯ ಆಕ್ಷೇಪ. ಮೂರು, ವಾದಿ ಕೇಳಿದ್ದು ಶಾಶ್ವತ ನಿರ್ಬಂಧಕಾಜ್ಞೆ ಮಾತ್ರ, ಹಕ್ಕಿನ ಘೋಷಣೆಯನ್ನಲ್ಲ. 2008ರ ಅನಾಥುಲ ಸುಧಾಕರ್ ವಿರುದ್ಧ ಪಿ. ಬುಚ್ಚಿ ರೆಡ್ಡಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಹಕ್ಕಿನ ಮೇಲೆ ಮೋಡ ಕವಿದಿದ್ದು, ಅದರ ಪ್ರಶ್ನೆಗಳು ಜಟಿಲವಾಗಿದ್ದರೆ ಬರೀ ನಿರ್ಬಂಧಕಾಜ್ಞೆಯ ದಾವೆಯಲ್ಲಿ ಅವನ್ನು ತೀರ್ಮಾನಿಸದೆ, ಪಕ್ಷಕಾರರನ್ನು ಘೋಷಣೆಯ ಸಮಗ್ರ ದಾವೆಗೆ ಕಳಿಸಬೇಕೆಂದು.

ಮೂರನೇ ಎಳೆಯಲ್ಲಿಯೇ ಆ ಮೊದಲ ಕರಡಿನ ತಪ್ಪಿಗೆ ಉತ್ತರವಿದೆ. ಹಕ್ಕು ಯಾರದ್ದೆಂದು ಇಲ್ಲಿ ಹೇಳಬಾರದು ಎನ್ನುವುದೇ ತೀರ್ಪಿನ ತಿರುಳು. ಅಂಥ ತೀರ್ಪಿನಿಂದ "12 ಗುಂಟೆ ಪ್ರತಿವಾದಿಯದ್ದು" ಎಂದು ತೆಗೆದರೆ ತಿರುಳನ್ನೇ ಮಗುಚಿದಂತೆ. ಕರಡಿನ ಆ ವಾಕ್ಯ ಬಂದದ್ದು ಪ್ರತಿವಾದಿಯ ವಕೀಲರ ವಾದದ ಪ್ಯಾರಾದಿಂದ, ಅಂಚಿನಲ್ಲಿ "ವ" ಎಂಬ ಅಕ್ಷರ ಇರಬೇಕಿದ್ದ ಜಾಗದಿಂದ.

ವಾದ: ಇಲ್ಲದ್ದನ್ನು ಹುಟ್ಟಿಸಬಾರದು

ವಾದದ ಭಾಗ ಬಹಳ ತೀರ್ಪುಗಳಲ್ಲಿ ತೆಳ್ಳಗಿರುತ್ತದೆ. ಇಲ್ಲಿ ಮೇಲ್ಮನವಿದಾರರ ವಕೀಲರ ವಾದಕ್ಕೆ ಒಂದು ಪ್ಯಾರಾ ಇದೆ, ಜೊತೆಗೆ ಮೇಲ್ಮನವಿಯ ಆಧಾರಗಳನ್ನು 7ನೇ ಪುಟದಲ್ಲಿ ಕೊಟ್ಟಿದೆ, ಎರಡನ್ನೂ ಸೇರಿಸಿಕೊಳ್ಳಬಹುದು. ಎದುರುದಾರರ ವಕೀಲರದ್ದು ಒಂದೇ ವಾಕ್ಯ: ವಿಚಾರಣಾ ನ್ಯಾಯಾಲಯದ ತೀರ್ಪು ಸರಿಯಾಗಿದೆ, ಮಧ್ಯಪ್ರವೇಶ ಬೇಡ. ಈ ಕಡೆ ಖಾಲಿ ಕಂಡಿತೆಂದು ಕರಡಿನಲ್ಲಿ ವಾದಪತ್ರದ ಮಾತುಗಳನ್ನೆಲ್ಲ ತಂದು ವಾದಿಯ ವಕೀಲರ ಬಾಯಿಗೆ ಹಾಕಲಾಗಿತ್ತು. ವಾದಪತ್ರ 2009ರ ಮಾತು, ಮೇಲ್ಮನವಿಯ ವಾದ 2016ರದ್ದು. ಒಂದು ಸಾಲಿದ್ದರೆ ಒಂದೇ ಸಾಲು ಬರೆದು, "ಇದಕ್ಕಿಂತ ವಿವರ ತೀರ್ಪಿನಲ್ಲಿ ದಾಖಲಾಗಿಲ್ಲ" ಎಂದು ಸೇರಿಸಬೇಕು.

ಆದೇಶವನ್ನು ತುಂಡು ತುಂಡಾಗಿ

ಅಂತಿಮ ಆದೇಶ 23ನೇ ಪುಟದಲ್ಲಿ, ಎಂಟು ಸಾಲು. ಇದನ್ನು ಸಾರಾಂಶ ಮಾಡುವುದಲ್ಲ, ಹೆಚ್ಚೂಕಡಿಮೆ ಅನುವಾದವನ್ನೇ ಮಾಡಬೇಕು. ಪ್ರತಿ ಕ್ರಿಯಾಪದಕ್ಕೂ ಬೇರೆ ಫಲ ಇರುತ್ತದೆ. ಮೇಲ್ಮನವಿ ಏನಾಯಿತು, ಕೆಳಗಿನ ಡಿಕ್ರಿ ಏನಾಯಿತು, ದಾವೆ ಏನಾಯಿತು, ಮಧ್ಯಂತರ ಅರ್ಜಿ ಏನಾಯಿತು, ಖರ್ಚು ಯಾರಿಗೆ ಎಂದು ಒಂದೊಂದನ್ನೂ ಕೇಳುತ್ತಾ ಹೋಗಬೇಕು. ಕರಡಿನಲ್ಲಿ ಎರಡು ತುಂಡು ಬಿಟ್ಟುಹೋಗಿದ್ದವು. ಹೊಸ ದಾಖಲೆ ಹಾಜರುಪಡಿಸಲು ಆದೇಶ 41, ನಿಯಮ 27ರಡಿ ವಾದಿ ಹಾಕಿದ್ದ ಅರ್ಜಿಯ ತಿರಸ್ಕಾರ ಒಂದು. ಸಮಗ್ರ ದಾವೆ ಹೂಡುವ ಸ್ವಾತಂತ್ರ್ಯವನ್ನು ವಾದಿಗೆ ಉಳಿಸಿದ್ದು ಇನ್ನೊಂದು. ಎರಡನೆಯದು ಆದೇಶದ ನಾಲ್ಕು ಪದಗಳಷ್ಟೇ, ಆದರೆ ವಾದಿಯ ಬದುಕಿಗೆ ಇಡೀ 23 ಪುಟಗಳಲ್ಲಿ ಅದಕ್ಕಿಂತ ಮುಖ್ಯವಾದ ಮಾತಿಲ್ಲ.

ತಿದ್ದಿದ ಮೇಲೆ ಉಳಿದದ್ದು

ಸಾಲುಗಳ ಕೊನೆಯಲ್ಲಿರುವ ಪುಟ ಸಂಖ್ಯೆ ಮೂಲಕ್ಕೆ ಮರಳಲು ದಾರಿ, ಅದನ್ನು ಬಿಡಬಾರದು.

*ಸಂಗತಿ.* ವಾದಿ (ಇಲ್ಲಿ ಎದುರುದಾರ) 1994ರ ಕ್ರಯಪತ್ರದಿಂದ ಸರ್ವೆ ನಂ. 47/1ರಲ್ಲಿ 2 ಎಕರೆ 20 ಗುಂಟೆಯ ಮಾಲೀಕ. ಪಕ್ಕದ 47/2, 2 ಎಕರೆ 10 ಗುಂಟೆ, ಪ್ರತಿವಾದಿಯದ್ದು. ಇವೆರಡೂ ಒಪ್ಪಿತ (ಪು. 4, 6). ವಾದಿಯ ಪ್ರಕಾರ, ಪೂರ್ವದ ಅಂಚಿನ 12 ಗುಂಟೆ 47/1ರೊಳಗಿದೆ, ಪ್ರತಿವಾದಿ ಬೇಲಿ ಕಿತ್ತು ಅಡ್ಡಿ ಮಾಡಿದ (ಪು. 5). ಪ್ರತಿವಾದಿಯ ಪ್ರಕಾರ, ಆ 12 ಗುಂಟೆ 47/2ರ ಭಾಗ, ಹದ್ದುಬಸ್ತು ಸರ್ವೆಯಲ್ಲಿ ಹಾಗೆಯೇ ಕಲ್ಲು ನೆಟ್ಟಿದೆ (ಪು. 6). ವಾದಿ 2009ರಲ್ಲಿ ಶಾಶ್ವತ ನಿರ್ಬಂಧಕಾಜ್ಞೆ ಮಾತ್ರ ಕೋರಿ ದಾವೆ ಹೂಡಿದರು. ಸ್ವಾಧೀನ, ಅಡ್ಡಿ ಎರಡೂ ಸಾಬೀತಾಗಿವೆ ಎಂದು ವಿಚಾರಣಾ ನ್ಯಾಯಾಲಯ 2013ರಲ್ಲಿ ಡಿಕ್ರಿ ನೀಡಿತು (ಪು. 9).

*ವಿವಾದಾಂಶ.* ಒಂದು: 12 ಗುಂಟೆಯ ಸ್ವಾಧೀನದ ಬಗ್ಗೆ ವಿಚಾರಣಾ ನ್ಯಾಯಾಲಯದ ತೀರ್ಮಾನ ತಪ್ಪೇ? ಹೌದು, ವಾದಿಯ ವಿರುದ್ಧ. ಪಹಣಿ ವಿಸ್ತೀರ್ಣ ಹೇಳುತ್ತದೆ, ಜಾಗ ಹೇಳುವುದಿಲ್ಲ. ವಾದಿಯ ಪಾಟೀಸವಾಲಿನ ಒಪ್ಪಿಗೆಯನ್ನು ಗಮನಿಸಿಲ್ಲ (ಪು. 16–18). ಎರಡು: ಗಡಿ ಮತ್ತು ಹಕ್ಕು ಗಂಭೀರ ವಿವಾದದಲ್ಲಿರುವಾಗ ಘೋಷಣೆ ಕೋರದ ದಾವೆ ನಿಲ್ಲುತ್ತದೆಯೇ? ಇಲ್ಲ, ವಾದಿಯ ವಿರುದ್ಧ. ಅನಾಥುಲ ಸುಧಾಕರ್ ತೀರ್ಪನ್ನು ಅನುಸರಿಸಿದೆ (ಪು. 19–21). ಮೂರು: ಹೊಸ ದಾಖಲೆಗೆ ಅವಕಾಶ ಕೊಡಬೇಕೇ? ಇಲ್ಲ. ಮೊದಲೇ ಹಾಜರುಪಡಿಸದ್ದಕ್ಕೆ ಕಾರಣ ತೋರಿಸಿಲ್ಲ (ಪು. 22).

*ವಾದ.* ಪ್ರತಿವಾದಿಯ ವಕೀಲರು: 12 ಗುಂಟೆ 47/2ರದ್ದು, ನಿಶಾನೆ ಡಿ.3 ಮತ್ತು ವಾದಿಯ ಒಪ್ಪಿಗೆಯೇ ಸಾಕ್ಷಿ, ಘೋಷಣೆ ಕೋರದ ದಾವೆ ನಿಲ್ಲದು (ಪು. 7, 12). ವಾದಿಯ ವಕೀಲರು: ವಿಚಾರಣಾ ನ್ಯಾಯಾಲಯದ ತೀರ್ಪು ಸರಿಯಿದೆ (ಪು. 12). ಇದಕ್ಕಿಂತ ವಿವರ ದಾಖಲಾಗಿಲ್ಲ.

*ಅಂತಿಮ ಆದೇಶ.* ಮೇಲ್ಮನವಿ ಪುರಸ್ಕೃತ. 2013ರ ತೀರ್ಪು ಮತ್ತು ಡಿಕ್ರಿ ರದ್ದು. ದಾವೆ ವಜಾ. ಘೋಷಣೆಗಾಗಿ ಸಮಗ್ರ ದಾವೆ ಹೂಡಲು ವಾದಿಗೆ ಸ್ವಾತಂತ್ರ್ಯ. ಹೊಸ ದಾಖಲೆಯ ಅರ್ಜಿ ತಿರಸ್ಕೃತ. ಅವರವರ ಖರ್ಚು ಅವರವರದ್ದು (ಪು. 23). 12 ಗುಂಟೆಯ ಹಕ್ಕು ಯಾರದ್ದೆಂದು ಈ ತೀರ್ಪು ನಿರ್ಣಯಿಸಿಲ್ಲ.

ಕೊನೆಯ ವಾಕ್ಯ ಆದೇಶದಲ್ಲಿಲ್ಲ, ಸಾರಾಂಶ ಬರೆದವರು ಸೇರಿಸಿದ್ದು. ತೀರ್ಪು ಏನನ್ನು ಬಿಟ್ಟಿದೆ ಎಂದು ಹೇಳುವ ಇಂಥ ಒಂದು ಸಾಲು ನಿರ್ಬಂಧಕಾಜ್ಞೆಯ ದಾವೆಗಳಲ್ಲಿ ಬೇಕೇ ಬೇಕು.

ಈ ಸಾರಾಂಶವನ್ನು ತರಗತಿಯ ಆಚೆ ಯಾರಿಗಾದರೂ ಕೊಡುವುದಾದರೆ ಒಂದು ಹುಡುಕಾಟ ಬಾಕಿಯಿದೆ. ಮೊದಲ ಮೇಲ್ಮನವಿಯ ತೀರ್ಪಿನ ಮೇಲೆ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಸಂಹಿತೆಯ 100ನೇ ಕಲಮಿನಡಿ ಹೈಕೋರ್ಟಿಗೆ ಎರಡನೇ ಮೇಲ್ಮನವಿ ಹೋಗುತ್ತದೆ, ಅವಧಿ 90 ದಿನ. ಅದು ಸಲ್ಲಿಕೆಯಾಗಿತ್ತೇ ಎಂದು ಹೈಕೋರ್ಟಿನ ತಾಣದಲ್ಲಿ ಹುಡುಕುವಾಗ ಪಕ್ಕದ ಹಾವೇರಿಯ ಕಡತಗಳಂತೆ ಧಾರವಾಡ ಪೀಠದಲ್ಲಿ ನೋಡಬಾರದು. ದಾವಣಗೆರೆ, ಚಿತ್ರದುರ್ಗದ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ.